ಚಾಚಿಯ ಫೋನಿಗೆ ನನ್ನ ತವರಿನ ಹೆಸರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಗಂಡ ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಆ ದಿನ ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ರೋಣದಲ್ಲಿ ಹೊಸದಾಗಿ ಶುರುವಾಗುತ್ತಿದ್ದ ಒಂದು ಖಾಸಗಿ ದವಾಖಾನೆಗೆ ಲ್ಯಾಬ್ ಟೆಕ್ನಿಷಿಯನ್ ಬೇಕೆಂದು ಪೇಪರಿನಲ್ಲಿ ಬಂದಿತ್ತು. ನಾನು ಅರ್ಜಿ ಹಾಕಿದ್ದೆ. ಸಂದರ್ಶನ ಮುಗಿದೇ ಹೋಯಿತಂತೆ ಎಂಬ ಸುದ್ದಿ ನನಗೆ ಗೊತ್ತಾಗಿದ್ದು ಸಂತೆಯಲ್ಲಿ ಸಿಕ್ಕ ಹಳೆಯ ಗೆಳತಿಯ ಬಾಯಿಂದ. ನನ್ನನ್ನು ಕರೆದೇ ಇರಲಿಲ್ಲ. ವಶೀಲಿ ಇದ್ದವರಿಗೆ ಮೊದಲೇ ಕೊಟ್ಟಿದ್ದಾರೆ, ಪೇಪರಿನಲ್ಲಿ ಹಾಕಿದ್ದು ಬರೀ ನಾಟಕ ಎಂದು ನಾನು ಆಗಲೇ ತೀರ್ಮಾನ ಮಾಡಿ ಆಗಿತ್ತು.

ಈ ನೌಕರಿ ನನಗೆ ಯಾಕೆ ಅಷ್ಟು ಬೇಕಾಗಿತ್ತು ಎಂಬುದನ್ನು ಹೇಳಬೇಕು. ನನ್ನ ತವರು ಜಕ್ಕಲಿ. ಅಪ್ಪ ನನ್ನನ್ನು ಗದಗಿಗೆ ಕಳಿಸಿ ಲ್ಯಾಬ್ ಡಿಪ್ಲೊಮಾ ಓದಿಸಿದ್ದ. ರಕ್ತ ನೋಡುವ ಆ ಕೆಲಸ ನನಗೆ ಭಾಳ ಸೇರುತ್ತಿತ್ತು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ನನಗೆ ಊಟ ನೆನಪಾಗುತ್ತಿರಲಿಲ್ಲ. ಲಗ್ನವಾಗಿ ಗಜೇಂದ್ರಗಡಕ್ಕೆ ಬಂದೆ. ಅಲ್ಲಿದ್ದ ಸಣ್ಣ ಲ್ಯಾಬುಗಳನ್ನು ಅವುಗಳ ಮಾಲಕರೇ ನಡೆಸುತ್ತಿದ್ದರು, ಅವರಿಗೆ ಇನ್ನೊಬ್ಬರು ಬೇಕಿರಲಿಲ್ಲ. ದಿನಾ ಗದಗಿಗೆ ಹೋಗಿ ಬರಲು ಮನೆಯಲ್ಲಿ ಒಪ್ಪಲಿಲ್ಲ. 'ರೋಣದಾಗ ಸಿಕ್ಕರ ಹೋಗು, ಅದರಾಚೆ ಬ್ಯಾಡ' ಎಂದು ಅತ್ತೆ ಗೆರೆ ಎಳೆದುಬಿಟ್ಟಿದ್ದರು. ರೋಣದಲ್ಲಿ ಬಂದದ್ದು ಇದೊಂದೇ ಜಾಗ. ಇದು ಹೋದರೆ ನಾನು ಕಲಿತದ್ದೆಲ್ಲ ಮರೆತು ಕೂರಬೇಕಾಗಿತ್ತು. ಆಗಲೇ ಎಷ್ಟೋ ಮರೆಯುತ್ತ ಬಂದಿತ್ತು, ಅದಕ್ಕೇ ಹೆದರಿಕೆ.

ದವಾಖಾನೆಯ ಕಟ್ಟಡಕ್ಕೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಒಳಗೆ ಒಂದು ಕೋಣೆಯಲ್ಲಿ ಆಫೀಸು ಮಾಡಿಕೊಂಡು, ನೇಮಕದ ಕೆಲಸ ನೋಡುವ ಮೇಡಂ ಕೂತಿದ್ದರು. ನಡುವಯಸ್ಸಿನವರು, ನರಗುಂದದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರಂತೆ. ನಾನು ಬಾಗಿಲಲ್ಲೇ ಶುರು ಮಾಡಿದೆ.

'ಏನ್ರಿ ಮೇಡಂ, ಬಡವರ ಅರ್ಜಿ ಕಣ್ಣಿಗೇ ಬೀಳಂಗಿಲ್ಲೇನ್ರಿ ನಿಮಗ? ನಾನೂ ಡಿಪ್ಲೊಮಾ ಮಾಡೇನಿ, ಫಸ್ಟ್ ಕ್ಲಾಸ್ ಬಂದೇನಿ. ಒಂದ ಮಾತು ಕರೀಲಿಲ್ಲ!'

ಅವರು ಪೆನ್ನು ಕೆಳಗಿಟ್ಟರು. 'ಮೊದಲ ಒಳಗ ಬಂದು ಕೂಡ್ರಿ. ನೀರು ಕುಡೀರಿ. ಆಮ್ಯಾಲ ಹೆಸರು ಹೇಳ್ರಿ, ಆಮ್ಯಾಲ ಬೇಕಾದಷ್ಟ ಬೈರಿ.'

ಹೆಸರು ಹೇಳಿದೆ. ಗಂಡನ ಮನೆಯ ಹೆಸರು. ಅವರು ಅರ್ಜಿಗಳ ಕಟ್ಟು ಬಿಚ್ಚಿ ಹುಡುಕಿದರು, ಸಿಗಲಿಲ್ಲ. 'ಹಾಂ, ಇಲ್ಲಂತೂ ಇಲ್ಲ' ಎಂದರು. ನನಗೆ ಮತ್ತೆ ಏರಿತು. ಆಮೇಲೆ ಊರು ಕೇಳಿದರು, ಗಜೇಂದ್ರಗಡ ಎಂದೆ. ಅವರು ಕಟ್ಟಿನ ನಡುವಿನಿಂದ ಕಾಗದಗಳನ್ನು ಎಳೆದು, ಮೇಜಿನ ಮೇಲೆ ಒಂದರ ಪಕ್ಕ ಒಂದು ಹರವಿದರು. ಒಂದು ಅವರೇ ಕೊಟ್ಟಿದ್ದ ಅರ್ಜಿ ನಮೂನೆ, ಒಂದು ನನ್ನ ಬಯೋಡೇಟಾ, ಇನ್ನೊಂದು ಮಾರ್ಕ್ಸ್ ಕಾರ್ಡಿನ ಝೆರಾಕ್ಸ್.

'ಈ ಮೂರೂ ಮಂದಿ ನೀವ ಏನ್ರಿ?' ಎಂದು ಕೇಳಿದರು.

ನಮ್ಮ ಕಡೆ ಲಗ್ನದ ದಿನ ಗಂಗಾಳದಲ್ಲಿ ಅಕ್ಕಿ ಹರವಿ, ಮದುಮಗನ ಕೈಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸುತ್ತಾರೆ. ಹೆಣ್ಣಿನ ಹೆಸರು ಅಲ್ಲಿಗೆ ಬದಲು. ಅಪ್ಪನ ಹೆಸರಿದ್ದಲ್ಲಿ ಗಂಡನ ಹೆಸರು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಅಂದರೆ ತಲೆಯಿಂದ ಕಾಲಿನವರೆಗೆ ಹೊಸಬಳು. ನನಗೆ ಇಟ್ಟಿದ್ದು ನನ್ನ ಅತ್ತೆಯ ತಾಯಿಯ ಹೆಸರು. ಅತ್ತೆಗೆ ಹೆಣ್ಣುಮಕ್ಕಳಿಲ್ಲ, ಅವ್ವನ ಹೆಸರು ಮನೆಯಲ್ಲಿ ಇರಲಿ ಎಂದು ಅವರೇ ಆಸೆಪಟ್ಟು ಇಡಿಸಿದ್ದರು. ಅರ್ಜಿ ನಮೂನೆಯಲ್ಲಿ 'ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆ ಹೆಸರು' ಎಂದು ಕೇಳಿದ್ದರಿಂದ ಅಲ್ಲಿ ತವರಿನ ಹೆಸರು ಬರೆದಿದ್ದೆ. ಬಯೋಡೇಟಾವನ್ನು ನನ್ನ ಗಂಡ ಸೈಬರಿನಲ್ಲಿ ಕೂತು ಟೈಪ್ ಮಾಡಿಸಿದ್ದ, ಅದರಲ್ಲಿ ಗಂಡನ ಮನೆಯ ಹೆಸರು. ಜೊತೆಗೆ ಬರೆದ ಪತ್ರದ ಕೆಳಗೆ ಅರ್ಧ ಅದು, ಅರ್ಧ ಇದು. ಅಪ್ಪನ ಅಡ್ಡಹೆಸರು ಕೂಡ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ರೀತಿ, ನನ್ನ ಕೈಬರಹದಲ್ಲಿ ಇನ್ನೊಂದು ರೀತಿ ಇತ್ತು. ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ನಾನು ಯಾರು ಅಂತ ನನಗೆ ಗೊತ್ತಿತ್ತಲ್ಲ!

'ನಾವು ಎರಡ ಸಲ ಫೋನ್ ಮಾಡೇವ್ರಿ' ಎಂದರು ಮೇಡಂ. 'ಅರ್ಜಿಯೊಳಗಿನ ಹೆಸರು ಹೇಳಿ ಕೇಳಿದ್ವಿ. ಒಬ್ಬ ಹೆಣ್ಮಗಳು ಎತ್ತಿ, ಅಂಥಾ ಹೆಸರಿನಾಕಿ ಇಲ್ಲಿ ಯಾರೂ ಇಲ್ಲ, ರಾಂಗ್ ನಂಬರ್ ಅಂತ ಇಟ್ಟುಬಿಟ್ರು. ಎರಡನೇ ಸಲ ನನಗ ಬೈದೂ ಬೈದ್ರು.'

ನನ್ನ ಸಿಟ್ಟು ಬಸ್ಸಿನಿಂದ ಇಲ್ಲಿಯವರೆಗೆ ಬಂದದ್ದು ಅಲ್ಲೇ ಇಳಿದು ಹೋಯಿತು. ಆ ನಂಬರು ನಮ್ಮ ಎದುರು ಮನೆಯ ಚಾಚಿಯದು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಆಗೆಲ್ಲ ಓಣಿಯಲ್ಲಿ ಯಾರ ಮನೆಯಲ್ಲಿ ಫೋನ್ ಇದೆಯೋ ಅವರ ನಂಬರನ್ನೇ ಎಲ್ಲರೂ ಕೊಡುವುದು. ಅವರು ಹೊಸ್ತಿಲಲ್ಲಿ ನಿಂತು ಕೂಗಿ ಕರೆಯುವುದು. ಅದಕ್ಕೆ 'ಪಿ.ಪಿ. ನಂಬರ್' ಎನ್ನುತ್ತಿದ್ದೆವು. ಚಾಚಿಯ ಮನೆಯವರು ಬಳೆ ವ್ಯಾಪಾರದವರು, ಮನೆ ತುಂಬ ಮಂದಿ, ದಿನವೆಲ್ಲ ಅವರಿಗೆ ಫೋನು. ಚಾಚಿಗೆ ಗೊತ್ತಿದ್ದದ್ದು ನನ್ನ ಅಕ್ಕಿಯ ಮೇಲಿನ ಹೆಸರು. ತವರಿನ ಹೆಸರನ್ನು ಆಕೆಗೆ ಯಾರು ಹೇಳಿದ್ದರು? ನಾನಂತೂ ಹೇಳಿರಲಿಲ್ಲ.

'ಅಯ್ಯೋ ಆ ಚಾಚಿ ನನ್ನ ಮನಿ ಹಾಳ ಮಾಡಿದ್ಳಲ್ರಿ' ಎಂದೆ.

'ಅವರ ಮ್ಯಾಲ ಹಾಕಬ್ಯಾಡ್ರಿ. ಅವರು ಖರೇ ಹೇಳ್ಯಾರ. ಅವರಿಗೆ ಗೊತ್ತಿದ್ದಷ್ಟು ಹೇಳ್ಯಾರ' ಎಂದರು ಮೇಡಂ. 'ಫೋನಿನಾಗ ನೀವು ಸಿಗಲಿಲ್ಲ ಅಂತ ಇ-ಮೇಲ್ ಕಳಿಸಿದ್ವಿ. ಅದೂ ವಾಪಸ್ ಬಂತು.' ಬಯೋಡೇಟಾವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ಇ-ಮೇಲ್ ವಿಳಾಸವನ್ನು ಗಟ್ಟಿಯಾಗಿ ಓದಿದರು. 'ಸ್ವೀಟ್ ಜೋಡಿ' ಎಂದು ಶುರುವಾಗಿ ನಮ್ಮ ಲಗ್ನದ ತಾರೀಖಿನಿಂದ ಮುಗಿಯುತ್ತಿತ್ತು. ಆಚೆ ಏಣಿಯ ಮೇಲೆ ನಿಂತು ಬಣ್ಣ ಬಳಿಯುತ್ತಿದ್ದವನು ಕಿಸಕ್ಕನೆ ನಕ್ಕ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಲಗ್ನವಾದ ಹೊಸದರಲ್ಲಿ ನನ್ನ ಗಂಡ ಸೈಬರಿಗೆ ಕರೆದುಕೊಂಡು ಹೋಗಿ, ಹೆಮ್ಮೆಯಿಂದ ಮಾಡಿಕೊಟ್ಟ ಪ್ರೀತಿಯ ಕಾಣಿಕೆ ಅದು. ಆಮೇಲೆ ನಾವಿಬ್ಬರೂ ಅದನ್ನು ತೆರೆದೇ ಇರಲಿಲ್ಲ. ತಿಂಗಳುಗಟ್ಟಲೆ ತೆರೆಯದಿದ್ದರೆ ಖಾತೆ ತಾನೇ ಮುಚ್ಚಿಹೋಗುತ್ತಿತ್ತು ಆಗ.

ಮೇಡಂ ನಗಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ಅವರ ಮೇಲೆ ಗೌರವ. 'ಪ್ರೀತಿ ಮನ್ಯಾಗ ಇರಲಿ' ಎಂದರು ಅಷ್ಟೇ. ಮುಂದೆ ಅವರು ಮಾಡಿದ ಉಪಕಾರವನ್ನು ಅವರು ಮಾಡಲೇಬೇಕೆಂದೇನೂ ಇರಲಿಲ್ಲ. ಬಾಗಿಲಲ್ಲಿ ನಿಂತು ಬೈದವಳನ್ನು ಕೂರಿಸಿಕೊಂಡು, ಒಂದು ಖಾಲಿ ಹಾಳೆ ತೆಗೆದು, ಸಾಲಿಯ ಹುಡುಗಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು.

'ಹೆಸರು ಬದಲಾಗೇದ ಅಂತ ಕೋರ್ಟಿನ ಅಫಿಡವಿಟ್, ಗೆಜೆಟ್ ಏನರ ಮಾಡಿಸೀರೇನು?'

'ಇಲ್ರಿ. ಅಕ್ಕಿ ಮ್ಯಾಲ ಬರದದ್ದಷ್ಟ.'

'ಅಂದ್ರ ಸರ್ಟಿಫಿಕೇಟಿನ ಹೆಸರ ನಿಮ್ಮ ಹೆಸರು. ಅದರಾಗ ಹ್ಯಾಂಗದನೋ ಹಂಗ, ಒಂದಕ್ಷರ ಆಚೀಚಿ ಇಲ್ಲದಂಗ, ಎಲ್ಲಾ ಕಾಗದದ ಮ್ಯಾಲೂ ಅದ ಬರ್ಲಿ. ಲಗ್ನದ ಹೆಸರನ್ನ ಕೆಳಗ, ವೈಯಕ್ತಿಕ ವಿವರದಾಗ ಒಂದ ಸಾಲು ಹಾಕ್ರಿ.'

ವಿಳಾಸದ್ದೂ ಅದೇ ಕಥೆ. ಗಜೇಂದ್ರಗಡವನ್ನು ನಾನು ಇಂಗ್ಲಿಷಿನಲ್ಲಿ ಒಂದು ಕಡೆ 'ಗಡ' ಮಾಡಿದ್ದೆ, ನನ್ನ ಗಂಡ ಇನ್ನೊಂದು ಕಡೆ 'ಘರ್' ಮಾಡಿದ್ದ. ಮನೆ ನಂಬರು ಒಂದರಲ್ಲಿ ಇತ್ತು, ಒಂದರಲ್ಲಿ ಇರಲಿಲ್ಲ. ಪಿನ್ ಕೋಡ್ ಎಲ್ಲಿಯೂ ಇರಲಿಲ್ಲ. ಅಂಚೆ ಕಚೇರಿಯ ಬೋರ್ಡಿನ ಮೇಲೆ ಊರ ಹೆಸರು ಹೇಗಿದೆಯೋ ಹಾಗೆ ಬರೆಯಿರಿ, ತಾಲೂಕು, ಜಿಲ್ಲೆ, ಪಿನ್ ಕೋಡ್ ಬಿಡಬೇಡಿ ಎಂದರು. ಫೋನ್ ನಂಬರು ನೋಡಿ, ಬೇರೆ ಕಡೆಗೂ ಇದನ್ನೇ ಕಳಿಸಿದ್ದೀರಾ ಎಂದು ಕೇಳಿದರು. ಹುಬ್ಬಳ್ಳಿ, ಗದಗಿಗೂ ಕಳಿಸಿದ್ದೆ, ಮನೆಯವರ ಮನಸ್ಸು ಬದಲಾದೀತೆಂಬ ಆಸೆಯಿಂದ. ಎಲ್ಲಿಂದಲೂ ಉತ್ತರ ಬಂದಿರಲಿಲ್ಲ.

'ಹ್ಯಾಂಗ ಬರ್ತದ್ರಿ? ಎಸ್‌ಟಿಡಿ ಕೋಡ್ ಎಲ್ಲೈತಿ? ರೋಣ, ಗಜೇಂದ್ರಗಡ ಒಂದ ಕೋಡು, ಇಲ್ಲಿಂದ ಹತ್ತತೈತಿ. ಹುಬ್ಬಳ್ಳಿಯವರು ಇಷ್ಟ ಒತ್ತಿದ್ರ ಹತ್ತಂಗ ಇಲ್ಲ. ಮುಂದ ಸೊನ್ನಿ ಹಚ್ಚಿ ಕೋಡ್ ಹಾಕ್ರಿ, ನಡಕ ಒಂದು ಗೀಟ ಎಳೀರಿ, ಆಮ್ಯಾಲ ನಂಬರ್. ಅದರ ಮುಂದ ಪಿ.ಪಿ. ಅಂತ ಬರದು, ಯಾರ ಮನಿ ಅನ್ನೋದನ್ನೂ ಬರೀರಿ. ಎಲ್ಲಕ್ಕೂ ದೊಡ್ಡದು ಅಂದ್ರ, ಫೋನ್ ಎತ್ತವರಿಗೆ ನಿಮ್ಮ ಹೆಸರು ಹೇಳಿ ಇಡ್ರಿ.'

ನಾನು ತಲೆಯಾಡಿಸುತ್ತ ಕೂತಿದ್ದೆ. ಇದನ್ನೆಲ್ಲ ಈಗ ಕಲಿತು ಏನು ಮಾಡಲಿ, ಜಾಗ ಹೋಯಿತಲ್ಲ ಎಂದುಕೊಳ್ಳುತ್ತಿದ್ದೆ. ಅವರಿಗೆ ಗೊತ್ತಾಗಿರಬೇಕು. ಆಯ್ಕೆಯಾದ ಹುಡುಗಿಗೆ ಬಾಗಲಕೋಟೆಯಲ್ಲಿ ಬೇರೆ ಕೆಲಸ ಸಿಕ್ಕಿದೆಯಂತೆ, ಬರುವುದಿಲ್ಲ ಎಂದಿದ್ದಾಳೆ, ಮತ್ತೊಮ್ಮೆ ಸಂದರ್ಶನ ಮಾಡುವುದಿದೆ ಎಂದರು. 'ನಾಡಿದ್ದ ಒಳಗ ಹೊಸಾ ಬಯೋಡೇಟಾ ತಂದು ಕೊಡ್ರಿ. ಡಾಕ್ಟರ್ ನೋಡಿ ಕರೀರಿ ಅಂದ್ರ ಫೋನ್ ಮಾಡ್ತೀನಿ. ಈ ಸಲನೂ ಅಂಥಾಕಿ ಇಲ್ಲ ಅಂದ್ರ ನಾನೂ ನೌಕರಿ ಇಲ್ಲ ಅಂತೀನಿ, ನೋಡ್ರಿ.'

ಆ ಸಂಜೆಯೇ ಗಂಡನನ್ನು ಎಳೆದುಕೊಂಡು ಸೈಬರಿಗೆ ಹೋದೆ. ಸ್ವೀಟ್ ಜೋಡಿಯ ಕಥೆ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. 'ಏ, ಛಂದ ಇತ್ತಲ್ಲೇ ಅದು!' ಎಂದ. ನನ್ನ ಹೆಸರು, ನಡುವೆ ಒಂದು ಚುಕ್ಕಿ, ಅಡ್ಡಹೆಸರು, ಅಷ್ಟೇ ಇರುವ ಹೊಸ ಇ-ಮೇಲ್ ಮಾಡಿದೆವು. ಪಾಸ್‌ವರ್ಡ್ ನಾನೇ ಇಟ್ಟೆ, ಅವನಿಗೆ ಹೇಳಲಿಲ್ಲ. ಮಾರ್ಕ್ಸ್ ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಸರಿನ ಅಕ್ಷರ ಅಕ್ಷರ ಹೇಳಿ ಟೈಪ್ ಮಾಡಿಸಿದೆ.

ಮನೆಗೆ ಬಂದರೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು. 'ಏನ್ ಬರಿಸಿಕೊಂಡ ಬಂದಿ, ಓದು' ಎಂದರು. ಮೇಲಿನ ಹೆಸರು ಓದಿದೆ. ಬಡಿಯುವ ಕೈ ನಿಂತಿತು.

'ನಮ್ಮವ್ವನ ಹೆಸರು?'

'ಐತ್ರಿ ಅತ್ತಿ. ಕೆಳಗ ಐತಿ.'

'ಕೆಳಗ' ಎಂದರು. ಮತ್ತೆ ರೊಟ್ಟಿ ಬಡಿಯತೊಡಗಿದರು, ಆದರೆ ಆ ರೊಟ್ಟಿಗೆ ಬಿದ್ದ ಪೆಟ್ಟು ಬೇರೆಯೇ ಇತ್ತು. ಆ ಸಂಜೆ ನಮ್ಮ ಜೊತೆ ಉಣ್ಣಲಿಲ್ಲ. ನನಗೂ ಸಂಕಟ, ಒಳಗೊಳಗೇ ಸಿಟ್ಟು ಕೂಡ. ನನ್ನ ಹೆಸರನ್ನು ನಾನು ಬರೆದುಕೊಂಡರೆ ಇವರಿಗೇನು ಎಂದು ಒಂದು ಮನಸ್ಸು. ಅವ್ವ ಇಲ್ಲದವರ ಒಂದೇ ಆಸೆಯನ್ನು ಹಾಳೆಯ ತಳಕ್ಕೆ ಇಳಿಸಿದೆನಲ್ಲ ಎಂದು ಇನ್ನೊಂದು ಮನಸ್ಸು. ಅವರು ಬೇಡವೆಂದರೆ ನಾನು ಆ ಕಾಗದವನ್ನು ರೋಣಕ್ಕೆ ಒಯ್ಯುವ ಹಾಗಿರಲಿಲ್ಲ.

ಮರುದಿನ ಬೆಳಗ್ಗೆ ಚಾಚಿಗೆ ವಿಷಯ ಹೇಳಿದೆ. ಬೈಯಬೇಕೆಂದೇ ಹೋಗಿದ್ದೆ, ಆದರೆ ಆಕೆಯ ಮುಖ ನೋಡಿ ಬಾಯಿ ಬರಲಿಲ್ಲ. 'ಯಾ ಅಲ್ಲಾ! ಆ ಫೋನು ನಿಂದಾ? ನಾನು ಯಾರೋ ಚೇಷ್ಟಿ ಮಾಡಾಕತ್ಯಾರ ಅಂತ ಬೈದು ಇಟ್ಟೆನಲ್ಲವಾ' ಎಂದು ಎದೆ ಎದೆ ಬಡಿದುಕೊಂಡು ನನ್ನ ಹಿಂದೆಯೇ ನಮ್ಮ ಮನೆಗೆ ಬಂದಳು. ಅತ್ತೆ ಕಟ್ಟೆಯ ಮೇಲೆ ಅಕ್ಕಡಿ ಕಾಳು ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

'ಏನ್ ಹೆಸರವಾ ಅದು, ಇನ್ನೊಮ್ಮೆ ಹೇಳು, ಕಲೀತೀನಿ' ಎಂದಳು ಚಾಚಿ. ಹೇಳಿದೆ. ಆಕೆ ಅದನ್ನು ತನಗೆ ಬಂದಂತೆ ತಿರುಚಿ ಹೇಳಿದಳು. ನಾನು ತಿದ್ದಿದೆ. ಮತ್ತೆ ತಪ್ಪಿತು. ಹೀಗೇ ನಡೆದಿತ್ತು, ಅಷ್ಟರಲ್ಲಿ ಅತ್ತೆ ಕೈಯಲ್ಲಿದ್ದ ಮೊರವನ್ನು ಧಪ್ಪನೆ ಕೆಳಗಿಟ್ಟರು.

'ಹಂಗಲ್ಲ!' ಎಂದರು. 'ಏನ್ ಅರ್ಧಂಬರ್ಧ ಅಂತೀಯವಾ? ಸರಳ ಐತಿ. ನಾ ಅಂದಂಗ ಅನ್ನು.' ಆಮೇಲೆ ನನ್ನ ತವರಿನ ಹೆಸರನ್ನು, ಅಪ್ಪನ ಹೆಸರು ಅಡ್ಡಹೆಸರುಗಳ ಸಮೇತ, ಸ್ಪಷ್ಟವಾಗಿ ಹೇಳಿದರು. ಚಾಚಿ ಅಂದಳು. ಅತ್ತೆ ಮತ್ತೆ ಅನಿಸಿದರು. ಸರಿಯಾಗುವವರೆಗೆ ಬಿಡಲಿಲ್ಲ. ಕಡೆಗೆ ಚಾಚಿ ಮನೆಗೆ ಹೋಗಿ, ಫೋನಿನ ಮೇಲಿನ ಗೋಡೆಗೆ ಸೀಮೆಸುಣ್ಣದಿಂದ ಅದನ್ನು ಉರ್ದುವಿನಲ್ಲಿ ಬರೆದುಕೊಂಡಳು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಲಗ್ನದ ಚೀಟಿಯಲ್ಲಿ ಒಮ್ಮೆ ಓದಿದ್ದ ಹೆಸರು ಅತ್ತೆಗೆ ಅಷ್ಟು ನೆನಪಿತ್ತು.

'ನಿಂತು ಏನ್ ನೋಡ್ತಿ? ರೋಣದ ಬಸ್ ಹೋಗ್ತದ' ಎಂದರು ಅತ್ತೆ. 'ನಮ್ಮವ್ವ ಮನ್ಯಾಗ ಇರ್ತಾಳ ಬಿಡು. ಆಕಿ ಇದ್ದಾಗೂ ರೋಣಕ್ಕ ನೌಕರಿಗೆ ಹೋದಾಕಿ ಅಲ್ಲ.'

ಬಯೋಡೇಟಾ ಕೊಟ್ಟು ಬಂದೆ. ಆಮೇಲಿನ ದಿನಗಳಲ್ಲಿ ಚಾಚಿಯ ಮನೆಯ ಫೋನು ಎಷ್ಟು ಸಲ ಬಡಿದುಕೊಂಡಿತೋ, ನನ್ನ ಎದೆಯೂ ಅಷ್ಟು ಸಲ ಬಡಿದುಕೊಂಡಿತು. ಎಲ್ಲ ಬಳೆಯ ಮಾತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದೆ. ಚಾಚಿ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದಳಂತೆ. ಕೇಳಿಸಿತು ಕೂಡ, ಆದರೆ ನನ್ನನ್ನೇ ಕರೆಯುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ. ಆ ಊರಿನಲ್ಲಿ ತವರಿನ ಹೆಸರಿಗೆ ಓಗೊಡುವ ರೂಢಿಯೇ ತಪ್ಪಿತ್ತು. ಅಷ್ಟರಲ್ಲಿ ಅತ್ತೆ ಸೀರೆ ಎತ್ತಿಕಟ್ಟಿಕೊಂಡು ಪಡಸಾಲೆಯಿಂದ ಹಿತ್ತಲಿಗೆ ಓಡಿ ಬಂದರು. ನನ್ನ ತವರಿನ ಹೆಸರು ಹಿಡಿದು, ನನ್ನ ಅವ್ವ ಹೊಲದ ಬದುವಿನಿಂದ ಕೂಗುತ್ತಿದ್ದ ಹಾಗೆ ಗಂಟಲು ತೆರೆದು ಕರೆದರು.

'ಕಿವಿ ಕೇಳಸ್ತದೋ ಇಲ್ಲೋ? ನಿನಗ ಫೋನ್! ಲಗೂ ಓಡು!'

ಸಾಬೂನಿನ ಕೈಯಲ್ಲೇ ಓಡಿದೆ. ಅಳು ಬಂದಿತ್ತು, ಯಾಕೆಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ. ಚಾಚಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, 'ಬಂದ್ಳ್ರಿ, ಬಂದ್ಳು, ಇಡಬ್ಯಾಡ್ರಿ' ಎಂದು ಅದಕ್ಕೆ ಅಂಗಲಾಚುತ್ತಿದ್ದಳು. ಆ ಕಡೆಯಿಂದ ಮೇಡಂ ನನ್ನ ಪೂರ್ತಿ ಹೆಸರು ಹೇಳಿ, ನೀವೇ ಏನ್ರಿ ಎಂದು ಕೇಳಿದರು. 'ಹೌದ್ರಿ, ನಾನ' ಎಂದೆ.

ಸೋಮವಾರದ ಸಂದರ್ಶನದಲ್ಲಿ ಡಾಕ್ಟರು ಅಸಲು ಕಾಗದಗಳನ್ನು ಬಯೋಡೇಟಾದ ಪಕ್ಕ ಇಟ್ಟು ಬೆರಳು ಓಡಿಸಿದರು. ಹೆಸರು, ಜನ್ಮ ತಾರೀಖು, ಊರು. ಕೇಳಲು ಅವರಿಗೆ ಏನೂ ಸಿಗಲಿಲ್ಲ, ಹಾಳೆ ಬದಿಗಿಟ್ಟು ರಕ್ತದ ಸ್ಲೈಡ್ ಮಾಡಿ ತೋರಿಸಲು ಹೇಳಿದರು. ಮೊದಲ ಸ್ಲೈಡ್ ದಪ್ಪವಾಯಿತು, ಎರಡನೆಯದಕ್ಕೆ ಕೈ ತಾನೇ ನೆನಪು ಮಾಡಿಕೊಂಡಿತು. ಬಾಗಿಲ ಹತ್ತಿರ ಮೇಡಂ ನಿಂತಿದ್ದರು. ನನ್ನ ಕೈ ನೋಡುತ್ತಿದ್ದರು, ಮುಖ ನೋಡಲಿಲ್ಲ. ಅವರಿಗೆ ಸರಿಯಾಗಿ ಕೃತಜ್ಞತೆ ಹೇಳಲು ನನಗೆ ಯಾವತ್ತೂ ಆಗಲಿಲ್ಲ. ಒಮ್ಮೆ ಪ್ರಯತ್ನ ಮಾಡಿದಾಗ, 'ಬೈಯೋದಾದ್ರ ಬೈರಿ, ಅದ ನಿಮಗ ಒಪ್ಪತದ' ಎಂದು ನಗಾಡಿಬಿಟ್ಟರು. ಇಲ್ಲಿ ಹೇಳಿಬಿಡುತ್ತೇನೆ: ಅವತ್ತು ಅವರು ನನ್ನನ್ನು ಬಾಗಿಲಿಂದಲೇ ಕಳಿಸಿದ್ದರೆ ನಾನು ಇವತ್ತಿಗೂ ಚಾಚಿಗೆ ಬೈಯುತ್ತ ಮನೆಯಲ್ಲಿ ಇರುತ್ತಿದ್ದೆ.

ನೇಮಕದ ಪತ್ರ ಅಂಚೆಯಲ್ಲಿ ಬಂತು. ಪೋಸ್ಟ್‌ಮನ್ ಯಾರನ್ನೂ ಕೇಳದೆ ನೇರ ನಮ್ಮ ಬಾಗಿಲಿಗೆ ಬಂದ. ಗಂಡ ಅದನ್ನು ಹಿಡಿದು ಓಣಿಯಲ್ಲೆಲ್ಲ ತೋರಿಸಿ ಬಂದ. ಚಾಚಿ ಒಂದು ಡಜನ್ ಹಸಿರು ಬಳೆ ತಂದು ತಾನೇ ನನ್ನ ಕೈಗೆ ಇಟ್ಟಳು. ದೀಪ ಹಚ್ಚುವ ಹೊತ್ತಿಗೆ ಮನೆ ಸುಮ್ಮನಾಯಿತು. ಅತ್ತೆ ನನ್ನನ್ನು ಹತ್ತಿರ ಕರೆದು, 'ಏನ್ ಬರದಾರ ಓದು' ಎಂದರು.

ನನ್ನ ಹೆಸರು ಓದಿದೆ. 'ಇನ್ನೊಮ್ಮೆ' ಎಂದರು. ಇನ್ನೊಮ್ಮೆ ಓದಿದೆ. ಅವರು ಆ ಸಾಲಿನ ಮೇಲೆ ಕೈ ಆಡಿಸಿದರು.

'ನಂದೂ ಒಂದಿತ್ತು' ಎಂದರು.

ನಾನು ಕಾಗದ ಮಡಚಿ ಪಕ್ಕಕ್ಕಿಟ್ಟೆ.

'ನಮ್ಮವ್ವ ಇಟ್ಟಿದ್ಳು. ಈ ಮನಿಗೆ ಬಂದ ದಿನ ಅಕ್ಕಿ ಮ್ಯಾಲ ಬ್ಯಾರೆ ಬರದ್ರು. ಆಮ್ಯಾಲ ಅದನ್ನ ಕರಿಯಾಕ ಅಂತ ಅವ್ವ ಒಬ್ಬಾಕಿ ಇದ್ಳು, ಆಕೀನೂ ಹ್ವಾದ್ಳು.'

'ಏನ್ರಿ ಅತ್ತಿ ಅದು?' ಎಂದು ಕೇಳಿದೆ.

ಅವರು ಸೆರಗು ಬಾಯಿಗೆ ಹಿಡಿದು, ಹೊಸ ಮದುಮಗಳ ಹಾಗೆ ನಾಚಿಕೊಂಡು, ಮೆಲ್ಲಗೆ ಹೇಳಿದರು. ಚಂದದ ಹೆಸರು. ಹೊಸ್ತಿಲಲ್ಲಿ ಬಂದು ನಿಂತಿದ್ದ ನನ್ನ ಗಂಡ, 'ಯಾರ ಹೆಸರವ್ವಾ ಅದು?' ಎಂದು ಕೇಳಿದ.